ಜಲ್ಲಿಯಂತೆ ಸುರಿದ ಗುಲಾಬಿ: ಮದುವೆ ಮಂಟಪದ ಒಂದು ಮೂರು ಆಯಾಮದ ದೃಶ್ಯದ ಪ್ರಕರಣ ಅಧ್ಯಯನ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಒಂದು ಮನೆಯ ಮೊದಲ ಮಹಡಿಯ ಕೋಣೆಯಲ್ಲಿ, ನಾನು ಮತ್ತು ನನ್ನ ಜೊತೆಗಾರ ಮೂರು ಆಯಾಮದ ಅನಿಮೇಶನ್ ಕೆಲಸ ಮಾಡಿಕೊಡುತ್ತೇವೆ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಮದುವೆಯ ವಿಡಿಯೋ ತೆಗೆಯುವವರು. ಕಲ್ಯಾಣಮಂಟಪದ ವೇದಿಕೆಯ ಹಿಂದೆ ಎಲ್‌ಇಡಿ ಗೋಡೆ ನಿಲ್ಲಿಸುವುದು ಇಲ್ಲಿ ಈಗ ರೂಢಿಯಾಗಿದೆ. ವಧೂವರರು ಒಳಗೆ ಬರುವ ಹೊತ್ತಿಗೆ ಆ ಗೋಡೆಯ ಮೇಲೆ ಓಡಲು 12 ಸೆಕೆಂಡಿನ ಒಂದು ದೃಶ್ಯ ಬೇಕೆಂದು ಅಂಥ ಒಬ್ಬರು ಕೇಳಿದರು. ಕಲ್ಲಿನ ಕಂಬಗಳ ಮಂಟಪ, ಮೇಲಿನಿಂದ ಉದುರುವ ಗುಲಾಬಿ ಪಕಳೆ, ಪಕ್ಕದಿಂದ ಬೀಳುವ ಬೆಳಕಿನ ಕೋಲಿನಲ್ಲಿ ತೇಲುವ ಧೂಳು, ಕೊನೆಯ ನಾಲ್ಕು ಸೆಕೆಂಡಿನಲ್ಲಿ ಎರಡೂ ಬದಿಯಿಂದ ಚಿಮ್ಮುವ ಬಣ್ಣದ ಕಾಗದದ ಚೂರುಗಳು, ಅಂದರೆ ಮದುವೆ ಮನೆಗಳಲ್ಲಿ ಪೇಪರ್ ಬ್ಲಾಸ್ಟ್ ಎಂದು ಕರೆಯುವುದು: ಇಷ್ಟೂ ಒಂದೇ ಚೌಕಟ್ಟಿನಲ್ಲಿರಬೇಕಿತ್ತು. ಕೆಲಸವನ್ನು ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ, ಅದರ ಹಳೆಯ ಪಾರ್ಟಿಕಲ್ ವ್ಯವಸ್ಥೆಯನ್ನೇ ಬಳಸಿ, ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 300 ಫ್ರೇಮುಗಳಾಗಿ ಮಾಡಿದೆವು.

ಮೂರೂ ವಸ್ತುಗಳನ್ನು ಹುಟ್ಟಿಸುವ ಯಂತ್ರ ಒಂದೇ. ಒಂದು ಮೇಲ್ಮೈ ಕಣಗಳನ್ನು ಉಗುಳುತ್ತದೆ. ಪ್ರತಿಯೊಂದು ಕಣಕ್ಕೂ ಒಂದು ಸ್ಥಾನ, ಒಂದು ವೇಗ, ಒಂದು ಆಯುಷ್ಯ ಇರುತ್ತದೆ. ಪ್ರತಿ ಫ್ರೇಮಿನಲ್ಲಿ ಬಲಗಳನ್ನು ಕೂಡಿಸಿ ವೇಗವನ್ನೂ ಸ್ಥಾನವನ್ನೂ ಬದಲಿಸಲಾಗುತ್ತದೆ. ಚಿತ್ರ ತೆಗೆಯುವಾಗ ಮಾತ್ರ ಆ ಬಿಂದುವಿನ ಜಾಗದಲ್ಲಿ ಪಕಳೆಯನ್ನೋ ಚೂರನ್ನೋ ಕೂರಿಸಲಾಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ವಿಲಿಯಂ ರೀವ್ಸ್ 1983ರಲ್ಲಿ ಈ ವಿಧಾನವನ್ನು ಪ್ರಬಂಧವಾಗಿ ಬರೆದಾಗಿನಿಂದ ಮೂಲದ ಈ ಏರ್ಪಾಡು ಬದಲಾಗಿಲ್ಲ. ಹಾಗಿದ್ದರೆ ಪಕಳೆ, ಧೂಳು, ಕಾಗದ ಈ ಮೂರನ್ನು ಬೇರೆಬೇರೆಯಾಗಿ ಕಾಣಿಸುವುದು ಯಾವುದು? ಆಕಾರವೆಂದೂ ಬಣ್ಣವೆಂದೂ ನಾವು ನಂಬಿದ್ದೆವು. ಗಾಳಿ ಎಂಬುದು ಮೊದಲ ಪ್ರಯತ್ನ ಕೆಟ್ಟ ಮೇಲೆ ತಿಳಿಯಿತು.

ಮೊದಲ ಪ್ರಯತ್ನ ಮತ್ತು ಅದರ ದೋಷ

ಮಂಟಪದ ಮೇಲ್ಚಾವಣಿಯ ಕೆಳಗೆ, ನೆಲದಿಂದ 4.5 ಮೀಟರ್ ಎತ್ತರದಲ್ಲಿ, ಒಂದು ಸಮತಟ್ಟಾದ ಹಾಳೆಯನ್ನಿಟ್ಟು ಅದಕ್ಕೆ ಪಾರ್ಟಿಕಲ್ ವ್ಯವಸ್ಥೆಯನ್ನು ಸೇರಿಸಿದೆವು. ಬ್ಲೆಂಡರ್ ತಾನಾಗಿ ಕೊಡುವ ಮೌಲ್ಯಗಳು ಹೀಗಿರುತ್ತವೆ: 1000 ಕಣ, ಅವು ಹುಟ್ಟುವುದು 1ನೇ ಫ್ರೇಮಿನಿಂದ 200ನೇ ಫ್ರೇಮಿನವರೆಗೆ, ಪ್ರತಿ ಕಣದ ಆಯುಷ್ಯ 50 ಫ್ರೇಮು. ಹಾಳೆಯಿಂದ ಹೊರಬೀಳುವ ಆರಂಭದ ವೇಗವನ್ನು ಸೊನ್ನೆ ಮಾಡಿ, ಪಕಳೆಯ ಮಾದರಿಯನ್ನು ಕೂರಿಸಿ ಓಡಿಸಿದೆವು. ವಿಡಿಯೋದವರು ನೋಡಿ ಹೇಳಿದ್ದು ಒಂದೇ ಮಾತು: "ಹೂವು ಉದುರಿದಂಗಿಲ್ಲ ಸಾರ್, ಜಲ್ಲಿ ಸುರುವಿದಂಗೈತಿ."

ಅವರ ಕಣ್ಣು ಸರಿಯಾಗಿಯೇ ಇತ್ತು. ಗಾಳಿಯ ತಡೆಯಿಲ್ಲದೆ 4.5 ಮೀಟರ್ ಬೀಳಲು ಯಾವ ವಸ್ತುವಿಗಾದರೂ ಒಂದು ಸೆಕೆಂಡಿಗಿಂತ ತುಸು ಕಡಿಮೆ ಸಮಯ, ಅಂದರೆ 24 ಫ್ರೇಮು ಸಾಕು. ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 9.4 ಮೀಟರ್ ಆಗಿರುತ್ತದೆ, ಅದು ಗಂಟೆಗೆ 34 ಕಿಲೋಮೀಟರ್, ಪೇಟೆಯೊಳಗೆ ಬೈಕು ಓಡುವಷ್ಟು ವೇಗ. ಇಂಥ ದೋಷ ಕಂಡಾಗ ಮೊದಲು ನೋಡಬೇಕಾದದ್ದು ದೃಶ್ಯದ ಅಳತೆಯನ್ನು. ಹೊರಗಿನಿಂದ ತಂದ ಮಾದರಿ ಹತ್ತು ಪಟ್ಟು ಚಿಕ್ಕದೋ ದೊಡ್ಡದೋ ಆಗಿದ್ದರೆ ಗುರುತ್ವದ ಲೆಕ್ಕವೆಲ್ಲ ಹಾಳಾಗುತ್ತದೆ. ನಮ್ಮ ಕಂಬಗಳು 3.2 ಮೀಟರ್ ಎತ್ತರ ಸರಿಯಾಗಿಯೇ ಇದ್ದವು. ಆದ್ದರಿಂದ ದೋಷ ಅಳತೆಯದ್ದಲ್ಲ.

ಆಗ ಬಹುತೇಕ ಎಲ್ಲರೂ ಮಾಡುವ ತಪ್ಪನ್ನು ನಾವೂ ಮಾಡಿದೆವು: ಗುರುತ್ವವನ್ನೇ ಕಡಿಮೆ ಮಾಡಿದೆವು. `Field Weights` ಎಂಬಲ್ಲಿ `Gravity` ಮೌಲ್ಯವನ್ನು 0.05ಕ್ಕೆ ಇಳಿಸಿ, ಆಯುಷ್ಯವನ್ನು ಹೆಚ್ಚಿಸಿದಾಗ ಪಕಳೆಗಳು ನೆಲ ಮುಟ್ಟಲು ನಾಲ್ಕು ಸೆಕೆಂಡಿಗೂ ಹೆಚ್ಚು ತೆಗೆದುಕೊಂಡವು. ನಿಧಾನವೇನೋ ಆಯಿತು, ಆದರೆ ನೋಡಲು ನೀರಿನಲ್ಲಿ ಮುಳುಗುವಂತಿತ್ತು. ಏನು ತಪ್ಪಾಗಿದೆಯೆಂದು ಬಾಯಲ್ಲಿ ಹೇಳಲು ಆಗುತ್ತಿರಲಿಲ್ಲ. ಕೊನೆಗೆ ನನ್ನ ಜೊತೆಗಾರ ಒಂದು ಫ್ರೇಮನ್ನು ನಿಲ್ಲಿಸಿ, ಪರದೆಯ ಮಧ್ಯೆ ಅಡ್ಡಗೆರೆ ಹಾಕಿ, ಮೇಲಿನ ಅರ್ಧದಲ್ಲಿ ಎಷ್ಟು ಪಕಳೆ, ಕೆಳಗಿನ ಅರ್ಧದಲ್ಲಿ ಎಷ್ಟು ಪಕಳೆ ಎಂದು ಎಣಿಸಿದ. ಪ್ರತಿ ಹತ್ತರಲ್ಲಿ ಏಳು ಮೇಲೆ, ಮೂರು ಮಾತ್ರ ಕೆಳಗೆ.

ಈ ಎಣಿಕೆಯೇ ರೋಗದ ಗುರುತು. ವಸ್ತುವಿನ ವೇಗ ಕೆಳಗಿಳಿದಂತೆಲ್ಲ ಏರುತ್ತಲೇ ಹೋದರೆ ಅದು ದಾರಿಯ ಮೇಲಿನ ಅರ್ಧದಲ್ಲಿ ಒಟ್ಟು ಸಮಯದ ಶೇಕಡಾ 71ರಷ್ಟನ್ನು ಕಳೆಯುತ್ತದೆ. ಗುರುತ್ವವನ್ನು ಎಷ್ಟೇ ಕಡಿಮೆ ಮಾಡಿದರೂ ಈ ಪ್ರಮಾಣ ಬದಲಾಗುವುದಿಲ್ಲ. ಪಕಳೆಗಳು ಮೇಲೆ ಒತ್ತೊತ್ತಾಗಿ, ಕೆಳಗೆ ವಿರಳವಾಗಿ ಕಾಣುವುದು ಅದಕ್ಕೇ. ನಿಜವಾದ ಪಕಳೆ ಹಾಗಲ್ಲ. ಕೈಬಿಟ್ಟ ಕೆಲವೇ ಅಂಗುಲಗಳಲ್ಲಿ ಗಾಳಿಯ ತಡೆಯೂ ತೂಕವೂ ಸರಿದೂಗಿ, ಅಲ್ಲಿಂದ ಮುಂದೆ ಅದು ಒಂದೇ ವೇಗದಲ್ಲಿ ಇಳಿಯುತ್ತದೆ. ಆದ್ದರಿಂದ ಮೇಲೂ ಕೆಳಗೂ ಸಮನಾಗಿ ಹರಡಿರುತ್ತದೆ. ನಮಗೆ ಬೇಕಾಗಿದ್ದದ್ದು ಕಡಿಮೆ ಗುರುತ್ವವಲ್ಲ, ಏರಿಕೆಯಿಲ್ಲದ ವೇಗ.

ಬಾಲ್ಕನಿಯಲ್ಲಿ ಅಳೆದ ವೇಗ

ಆ ವೇಗ ಎಷ್ಟು ಎಂಬುದನ್ನು ಊಹಿಸುವ ಬದಲು ಅಳೆಯುವುದು ಸುಲಭವಾಗಿತ್ತು. ಹೂವಿನ ಮಾರುಕಟ್ಟೆಯಿಂದ ಒಂದು ಪೊಟ್ಟಣ ಬಿಡಿ ಗುಲಾಬಿ ತಂದು, ಪಕಳೆ ಬಿಡಿಸಿ, ಗಾಳಿ ನಿಂತ ಬೆಳಗಿನ ಹೊತ್ತಿನಲ್ಲಿ ಬಾಲ್ಕನಿಯಿಂದ ಒಂದೊಂದಾಗಿ ಬಿಟ್ಟೆವು. ಕೆಳಗಿನ ಮನೆಯ ಅಜ್ಜಿ, ಯಾವ ದೇವರಿಗೆ ಎಂದು ಕೇಳಿದರು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಅರ್ಧರ್ಧ ಮೀಟರಿಗೆ ಗೆರೆ ಎಳೆದು, ಮೊಬೈಲಿನ ನಿಧಾನಗತಿಯ ಚಿತ್ರೀಕರಣದಲ್ಲಿ ನೋಡಿದಾಗ ಹೆಚ್ಚಿನ ಪಕಳೆಗಳು ಸೆಕೆಂಡಿಗೆ 1.2ರಿಂದ 1.9 ಮೀಟರ್ ವೇಗದಲ್ಲಿ ಇಳಿಯುತ್ತಿದ್ದವು. ಬಟ್ಟಲಿನಂತೆ ಬಾಗಿದ ದೊಡ್ಡ ಪಕಳೆ ನಿಧಾನ. ಒಳಗಿನ ಚಿಕ್ಕ, ಸುರುಳಿಯಾದ ಪಕಳೆ ಜೋರು. ನಡುವಿನ ಅಂದಾಜಾಗಿ 1.6 ಇಟ್ಟುಕೊಂಡೆವು.

ಕಾಗದಕ್ಕೆ ಅಳೆಯುವ ಅಗತ್ಯವೂ ಇಲ್ಲ, ಲೆಕ್ಕ ಹಾಕಬಹುದು. ಹಾಳೆಯಂಥ ವಸ್ತು ಬೀಳುವ ವೇಗವನ್ನು ನಿರ್ಧರಿಸುವುದು ಅದರ ಒಟ್ಟು ತೂಕವಲ್ಲ, ಒಂದು ಚದರ ಮೀಟರಿಗೆ ಎಷ್ಟು ತೂಕ ಎಂಬುದು. ಜೆರಾಕ್ಸ್ ಅಂಗಡಿಯ ಸಾಮಾನ್ಯ ಕಾಗದ ಚದರ ಮೀಟರಿಗೆ 80 ಗ್ರಾಂ ತೂಗುತ್ತದೆ. ಅದರ ಚೂರು ಸುಮಾರು ಸೆಕೆಂಡಿಗೆ ಒಂದು ಮೀಟರಿನಂತೆ ಬೀಳುತ್ತದೆ. ಚೂರು ಅಂಗೈಯಷ್ಟಿದ್ದರೂ ಬೆರಳುಗುರಿನಷ್ಟಿದ್ದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಗಾಳಿಯನ್ನು ತರುವ ಎರಡು ಗುಂಡಿಗಳು

ಬ್ಲೆಂಡರ್‌ನಲ್ಲಿ ಕಣಕ್ಕೆ ತಡೆ ಕೊಡುವ ಎರಡು ಮೌಲ್ಯಗಳಿವೆ: `Drag` ಮತ್ತು `Damp`. ಹೆಸರು ನೋಡಿದವರು ಮೊದಲನೆಯದನ್ನೇ ಹಿಡಿಯುತ್ತಾರೆ, ಏಕೆಂದರೆ ಗಾಳಿಯ ತಡೆ ನಿಜಕ್ಕೂ ಅದರ ಹಾಗೆಯೇ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ನಾವು ಅದನ್ನು ಅದರ ಗರಿಷ್ಠ ಮೌಲ್ಯವಾದ 1ಕ್ಕೆ ಏರಿಸಿದೆವು. ಪಕಳೆ ಒಂದಿಷ್ಟೂ ನಿಧಾನವಾಗಲಿಲ್ಲ.

ಇದರಲ್ಲಿ ನಮ್ಮ ಅರ್ಧ ದಿನ ಹೋಯಿತಾದ್ದರಿಂದ ಕಾರಣವನ್ನು ಬಿಡಿಸಿ ಹೇಳುತ್ತೇನೆ. `Drag` ಹುಟ್ಟಿಸುವ ಬಲವು ಕಣದ ಗಾತ್ರದ ವರ್ಗದಿಂದ ಗುಣಿಸಲ್ಪಡುತ್ತದೆ, ಆಮೇಲೆ ಕಣದ ತೂಕದಿಂದ ಭಾಗಿಸಲ್ಪಡುತ್ತದೆ. ಕಣದ ಗಾತ್ರ ತಾನಾಗಿ 0.05 ಇರುತ್ತದೆ, ಅದರ ವರ್ಗ 0.0025, ತೂಕ ತಾನಾಗಿ ಒಂದು ಕಿಲೋ ಇರುತ್ತದೆ. ಅಂದರೆ ಬ್ಲೆಂಡರ್‌ನ ಮಟ್ಟಿಗೆ ನಮ್ಮ ಪಕಳೆ ಐದು ಸೆಂಟಿಮೀಟರ್ ಅಳತೆಯ, ಒಂದು ಕಿಲೋ ತೂಕದ ಗುಂಡು. ಅಂಥದು ಸ್ಥಿರವೇಗಕ್ಕೆ ಬರುವುದು ಸೆಕೆಂಡಿಗೆ ಸುಮಾರು 63 ಮೀಟರ್ ಮುಟ್ಟಿದಾಗ. ನಮ್ಮ ನಾಲ್ಕೂವರೆ ಮೀಟರಿನಲ್ಲಿ ಅದಕ್ಕೆ ಅಂಥ ಅವಕಾಶವೇ ಇಲ್ಲ.

ತೂಕವನ್ನು ನಿಜವಾದ ಪಕಳೆಯಷ್ಟಕ್ಕೆ, ಅರ್ಧ ಗ್ರಾಮಿನ ಆಸುಪಾಸಿಗೆ ಇಳಿಸಿದರೆ ಬೀಳುವ ವೇಗ ಸರಿಹೋಗುತ್ತದೆ. ಆದರೆ ದೃಶ್ಯದಲ್ಲಿ ಒಂದು `Wind` ಬಲವೂ ಇತ್ತು. ಬಲವನ್ನು ತೂಕದಿಂದ ಭಾಗಿಸುವ ನಿಯಮ ಅದಕ್ಕೂ ಅನ್ವಯಿಸುವುದರಿಂದ, ಕಿಲೋ ತೂಕದ ಕಣವನ್ನು ಮೆಲ್ಲಗೆ ಸರಿಸುತ್ತಿದ್ದ ಅದೇ ಗಾಳಿ ಅರ್ಧ ಗ್ರಾಮಿನ ಕಣವನ್ನು ಎರಡು ಸಾವಿರ ಪಟ್ಟು ಜೋರಾಗಿ ತಳ್ಳಿತು. ಹುಟ್ಟಿದ ಪಕಳೆ ಮರುಫ್ರೇಮಿನಲ್ಲಿ ಚೌಕಟ್ಟಿನಿಂದಾಚೆ ಹೋಗಿತ್ತು. ಪರದೆಯ ಮೇಲೆ ಕಣಗಳೇ ಇಲ್ಲವೆಂದು ಕಂಡಾಗ ಹುಟ್ಟಿಸುವ ಹಾಳೆಯಲ್ಲಿ ದೋಷ ಹುಡುಕುವುದು ಸಹಜ, ನಾವೂ ಹುಡುಕಿದೆವು. ಕಣಗಳ ಎಣಿಕೆ ಸರಿಯಿದ್ದು ಚಿತ್ರ ಬರಿದಾಗಿದ್ದರೆ, ಕ್ಯಾಮೆರಾದಿಂದ ಹೊರಬಂದು ದೃಶ್ಯವನ್ನು ದೂರದಿಂದ ನೋಡಬೇಕು. ನಮ್ಮ ಹೂವು ಮಂಟಪದಿಂದ ಬಹಳ ದೂರ, ಚುಕ್ಕಿಗಳಾಗಿ ಚೆಲ್ಲಾಡಿತ್ತು.

ಈ ಕಾರಣಕ್ಕೆ ತೂಕವನ್ನು ಒಂದು ಕಿಲೋಗೇ ಬಿಟ್ಟು `Damp` ಹಿಡಿದೆವು. ಇದು ಭೌತಶಾಸ್ತ್ರದ ದೃಷ್ಟಿಯಿಂದ ಒರಟು ಉಪಾಯ: ಪ್ರತಿ ಫ್ರೇಮಿನ ಕೊನೆಯಲ್ಲಿ ವೇಗದ ಇಷ್ಟು ಪಾಲನ್ನು ಕಿತ್ತುಕೊಳ್ಳುತ್ತದೆ, ಅಷ್ಟೆ. 0.2 ಎಂದರೆ ಐದರಲ್ಲಿ ಒಂದು ಪಾಲು. ಆದರೆ ಗಾತ್ರಕ್ಕೂ ತೂಕಕ್ಕೂ ಸಂಬಂಧವಿಲ್ಲದ ಕಾರಣ ಇದರ ಪರಿಣಾಮವನ್ನು ಮೊದಲೇ ಲೆಕ್ಕ ಹಾಕಬಹುದು. ಬ್ಲೆಂಡರ್‌ನ ಕಣಗಳು ಒಂದು ಫ್ರೇಮನ್ನು 0.04 ಸೆಕೆಂಡು ಎಂದು ಎಣಿಸುತ್ತವೆ. ಆ ಅವಧಿಯಲ್ಲಿ ಗುರುತ್ವ ಕೂಡಿಸುವ ವೇಗ 0.392. ಕೂಡಿದ್ದೂ ಕಳೆದದ್ದೂ ಸಮನಾದಾಗ ಸಿಗುವ ಸ್ಥಿರವೇಗ v ಆಗಿದ್ದರೆ, ಬೇಕಾದ `Damp` ಮೌಲ್ಯ d ಹೀಗೆ ಬರುತ್ತದೆ:

```
d = 0.392 / (v + 0.392)
```

ಪಕಳೆಯ 1.6ಕ್ಕೆ 0.20, ಕಾಗದದ 1.0ಕ್ಕೆ 0.28. ಪಕಳೆ ನೆಲ ಮುಟ್ಟಲು ಎಷ್ಟು ಫ್ರೇಮು ಬೇಕೆಂಬುದನ್ನೂ ದೃಶ್ಯ ಓಡಿಸದೆ ಪೈಥಾನ್ ಭಾಷೆಯ ಆರು ಸಾಲಿನಲ್ಲಿ ತಿಳಿಯಬಹುದು:

```python
d, v, z, f = 0.20, 0.0, 0.0, 0
while z < 4.5:
    v = (v + 9.81 * 0.04) * (1 - d)
    z += v * 0.04
    f += 1
print(f, round(v, 2))   # 76 1.57
```

76 ಫ್ರೇಮು. ಬ್ಲೆಂಡರ್ ಕೊಟ್ಟ 50 ಫ್ರೇಮಿನ ಆಯುಷ್ಯವನ್ನು ಹಾಗೆಯೇ ಬಿಟ್ಟಿದ್ದರೆ ಪ್ರತಿ ಪಕಳೆಯೂ ನೆಲದಿಂದ 1.6 ಮೀಟರ್ ಎತ್ತರದಲ್ಲಿ, ಅಂದರೆ ನಿಂತ ಮನುಷ್ಯನ ಮುಖದ ಎದುರಿಗೇ, ಸದ್ದಿಲ್ಲದೆ ಮಾಯವಾಗುತ್ತಿತ್ತು. ಹೂವು ಒಂದು ನಿರ್ದಿಷ್ಟ ಎತ್ತರದಿಂದ ಕೆಳಗೆ ಕಾಣುತ್ತಲೇ ಇಲ್ಲವೆಂದರೆ ಆಯುಷ್ಯ ಸಾಲದೆಂದೇ ಅರ್ಥ.

ಮಳೆಯಲ್ಲ, ಪರದೆ

ವೇಗ ಸರಿಯಾದ ಮೇಲೆ ಇನ್ನೊಂದು ಕೊರತೆ ಎದ್ದು ಕಂಡಿತು. ಎಲ್ಲ ಪಕಳೆಗಳೂ ಒಂದೇ ವೇಗದಲ್ಲಿ ಇಳಿಯುತ್ತಿದ್ದುದರಿಂದ ಅವುಗಳ ನಡುವಿನ ಅಂತರ ಬದಲಾಗುತ್ತಲೇ ಇರಲಿಲ್ಲ. ಹೂವಿನ ಅಚ್ಚೊತ್ತಿದ ಪರದೆಯೊಂದನ್ನು ಮೇಲಿನಿಂದ ಇಳಿಬಿಟ್ಟಂತೆ ಕಾಣುತ್ತಿತ್ತು. `Damp` ಗಾತ್ರವನ್ನು ಲೆಕ್ಕಿಸುವುದಿಲ್ಲ ಎಂಬ ಗುಣವೇ ಇಲ್ಲಿ ದೋಷವಾಯಿತು, ಏಕೆಂದರೆ ಗಾತ್ರಗಳನ್ನು ಹೆಚ್ಚು ಕಡಿಮೆ ಮಾಡಿದರೂ ವೇಗ ಬದಲಾಗುವುದಿಲ್ಲ. ಒಂದೇ ಹಾಳೆಗೆ ಮೂರು ಪಾರ್ಟಿಕಲ್ ವ್ಯವಸ್ಥೆಗಳನ್ನು ಸೇರಿಸಿ, ಅವುಗಳ `Damp` ಮೌಲ್ಯವನ್ನು 0.17, 0.20, 0.25 ಎಂದು ಇಟ್ಟೆವು. ವೇಗಗಳು ಕ್ರಮವಾಗಿ 1.9, 1.6, 1.2 ಆದವು, ಬಾಲ್ಕನಿಯಲ್ಲಿ ಅಳೆದ ವ್ಯಾಪ್ತಿಯೂ ಅದೇ. ಜೋರಿನ ಗುಂಪಿಗೆ ಚಿಕ್ಕ ಸುರುಳಿ ಪಕಳೆಯನ್ನೂ ನಿಧಾನದ ಗುಂಪಿಗೆ ಅಗಲವಾದ ಪಕಳೆಯನ್ನೂ ಕೊಟ್ಟೆವು. ಒಂದನ್ನೊಂದು ದಾಟಿ ಹೋಗುವ ಪಕಳೆಗಳು ಕಂಡಾಗಲೇ ಅದು ಮಳೆಯಾಯಿತು.

ಸಂಖ್ಯೆಯನ್ನು ಗಾಳಿಯಲ್ಲಿ ಎಷ್ಟು ಇರಬೇಕೆಂಬುದರಿಂದ ಹಿಂದಕ್ಕೆ ಲೆಕ್ಕ ಹಾಕುವುದು ಒಳ್ಳೆಯದು. ಯಾವ ಕ್ಷಣದಲ್ಲಾದರೂ ಮುನ್ನೂರು ಪಕಳೆ ಕಂಡರೆ ಸಾಕೆನಿಸಿತು. ಒಂದು ಪಕಳೆ ಸರಾಸರಿ 80 ಫ್ರೇಮು ಗಾಳಿಯಲ್ಲಿರುವುದರಿಂದ ಫ್ರೇಮಿಗೆ ನಾಲ್ಕು ಹುಟ್ಟಿದರೆ 320 ಆಗುತ್ತದೆ. ಮೊದಲ ಫ್ರೇಮಿನಲ್ಲೇ ಮಂಟಪ ತುಂಬಿರಬೇಕಾದ್ದರಿಂದ `Frame Start` ಅನ್ನು -100 ಎಂದು ಕೊಟ್ಟೆವು, ಏಕೆಂದರೆ ನಿಧಾನದ ಗುಂಪಿಗೆ ನೆಲ ಮುಟ್ಟಲು 99 ಫ್ರೇಮು ಬೇಕು. ಬ್ಲೆಂಡರ್ ಮೊದಲ ಫ್ರೇಮಿಗೆ ಬಂದಾಗ ಹಿಂದಿನ ನೂರನ್ನೂ ಒಟ್ಟಿಗೆ ಲೆಕ್ಕ ಹಾಕಿಕೊಳ್ಳುತ್ತದೆ. ಒಟ್ಟು 400 ಫ್ರೇಮು, ಫ್ರೇಮಿಗೆ ನಾಲ್ಕು. ಮೂರು ಗುಂಪಿಗೆ ತಲಾ 530 ಪಕಳೆ, 120 ಫ್ರೇಮಿನ ಆಯುಷ್ಯ.

ಇನ್ನು ಹೊರಳಾಟ. ಬೀಳುವ ಕಾಗದದ ಪಟ್ಟಿ ಏಕೆ ಹಾಗೆ ಪಕ್ಕಕ್ಕೆ ಜಾರಿ ಹೊರಳುತ್ತದೆ ಎಂಬುದರ ಬಗ್ಗೆ ಭೌತಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ 1854ರಲ್ಲೇ ಬರೆದಿದ್ದರು. ಹಾಳೆ ಯಾವ ಕೋನದಲ್ಲಿ ಗಾಳಿಗೆ ಎದುರಾಗಿದೆ ಎಂಬುದರ ಮೇಲೆ ತಡೆ ಬದಲಾಗುವುದರಿಂದ ಅದು ಹಾಗೆ ವರ್ತಿಸುತ್ತದೆ. ನಮ್ಮ ಕಣವಾದರೋ ಬಿಂದು, ಅದಕ್ಕೆ ಕೋನವೇ ಇಲ್ಲ. ತಿರುಗಿಸಿದರೆ ತಿರುಗುತ್ತದೆ, ಆದರೆ ತಿರುಗಿದ್ದರಿಂದ ಅದರ ದಾರಿ ಬದಲಾಗುವುದಿಲ್ಲ. `Rotation` ಹಾಕಿ ಯಾದೃಚ್ಛಿಕ ಅಕ್ಷದ ಸುತ್ತ ತಿರುಗಿಸಿದಾಗ ಪ್ರತಿ ಪಕಳೆಯೂ ನೇರ ದಾರದಲ್ಲಿ ಇಳಿಯುವ ಪುಟ್ಟ ಫ್ಯಾನಿನಂತಿತ್ತು. ಇದಕ್ಕೊಂದು ಹಳೆಯ ಚಮತ್ಕಾರವಿದೆ. ಪಕಳೆಯ ಮಾದರಿಯ ಮೂಲಬಿಂದುವನ್ನು ಪಕಳೆಯೊಳಗೆ ಇಡದೆ ಅದರಿಂದ ನಾಲ್ಕು ಸೆಂಟಿಮೀಟರ್ ಹೊರಗಿಟ್ಟರೆ, ಕಣ ತಿರುಗಿದಾಗ ಪಕಳೆ ತನ್ನ ಸುತ್ತ ತಿರುಗುವ ಬದಲು ಆ ಬಿಂದುವನ್ನು ಸುತ್ತುತ್ತಾ ಇಳಿಯುತ್ತದೆ. ನೇರ ದಾರಿ ಸುರುಳಿಯಾಗುತ್ತದೆ. ಎರಡು ಸೆಕೆಂಡಿಗೆ ಒಂದು ಸುತ್ತು ನಮಗೆ ಸರಿಯೆನಿಸಿತು, ಅದಕ್ಕಿಂತ ಜೋರಾದರೆ ಬುಗುರಿಯಾಗುತ್ತದೆ.

ಇದರ ಮೇಲೆ ಒಂದು `Turbulence` ಬಲ. ಅದು ಜಾಗಕ್ಕೆ ಅಂಟಿಕೊಂಡ ಬಲವಾದ್ದರಿಂದ ಒಂದು ಬಿಂದುವನ್ನು ಹಾಯುವ ಪಕಳೆಗಳೆಲ್ಲ ಅಲ್ಲಿ ಒಂದೇ ಕಡೆಗೆ ತಿರುಗುತ್ತವೆ, ಸ್ವಲ್ಪ ಹೊತ್ತಿನಲ್ಲಿ ಗಾಳಿಯಲ್ಲಿ ಕಾಲುದಾರಿಗಳು ಬಿದ್ದಂತೆ ಕಾಣುತ್ತದೆ. ಆ ಬಲದ ವಸ್ತುವನ್ನೇ 300 ಫ್ರೇಮುಗಳಲ್ಲಿ ಎರಡು ಮೀಟರಿನಷ್ಟು ಮೆಲ್ಲಗೆ ಸರಿಸಿದಾಗ ದಾರಿಗಳು ಅಳಿಸಿಹೋದವು.

ನೆಲ ಮುಟ್ಟಿದ ಮೇಲೇನು ಎಂಬುದಕ್ಕೆ ಪ್ರಾಮಾಣಿಕ ಉತ್ತರ ಈ ವ್ಯವಸ್ಥೆಯಲ್ಲಿಲ್ಲ. ನೆಲಕ್ಕೆ `Collision` ಕೊಟ್ಟು, ಮುಟ್ಟಿದ ಕಣ ಸಾಯುವಂತೆ ಮಾಡಿ, ಸತ್ತವನ್ನೂ ಕಾಣಿಸುವ `Dead` ಆಯ್ಕೆ ಹಾಕಿದೆವು. ಪಕಳೆಗಳು ಬಿದ್ದಲ್ಲೇ ನಿಂತವೇನೋ ಹೌದು, ಆದರೆ ಬೀಳುವಾಗ ಯಾವ ಓರೆಯಲ್ಲಿದ್ದವೋ ಅದೇ ಓರೆಯಲ್ಲಿ, ಅರ್ಧ ನೆಲದೊಳಗೆ ಹೂತು, ನಾಟಿ ಮಾಡಿದ ಸಸಿಗಳಂತೆ. ಆದ್ದರಿಂದ ಬಿದ್ದವನ್ನು ಕಾಣಿಸುವುದನ್ನು ಬಿಟ್ಟು, ನೆಲಕ್ಕೇ ಬೇರೊಂದು ಪಾರ್ಟಿಕಲ್ ವ್ಯವಸ್ಥೆ ಕೊಟ್ಟು, ಚಲನೆಯಿಲ್ಲದ, ಮಟ್ಟಸವಾಗಿ ಮಲಗಿದ ಒಂಬೈನೂರು ಪಕಳೆಗಳು ಸಮಯಕ್ಕೆ ತಕ್ಕಂತೆ ಒಂದೊಂದಾಗಿ ಮೂಡುವಂತೆ ಮಾಡಿದೆವು. ಬಿದ್ದ ಪಕಳೆ ಒಂದು, ಮೂಡಿದ ಪಕಳೆ ಇನ್ನೊಂದು. ಜನ ನಿಂತು ನೋಡುವ ದೂರದಿಂದ ಈ ಮೋಸ ತಿಳಿಯುವುದಿಲ್ಲ. ಕ್ಯಾಮೆರಾ ನೆಲಕ್ಕೆ ಹತ್ತಿರವಿದ್ದಿದ್ದರೆ ತಿಳಿಯುತ್ತಿತ್ತು.

ಧೂಳು

ಧೂಳಿನ ವಿಷಯದಲ್ಲಿ ನಮಗೆ ಪಾಠವಾದದ್ದು ಊರಿನ ಮಂಡಕ್ಕಿ ಭಟ್ಟಿ. ಒಳಗೆ ಕತ್ತಲು, ಹೆಂಚಿನ ಸಂದಿಯಿಂದ ಬಿಸಿಲಿನ ಕೋಲು, ಅದರಲ್ಲಿ ಹೊಟ್ಟಿನ ಧೂಳು. ಬಿಸಿಲು ಬರುವ ಕಡೆಗೆ ಮುಖ ಮಾಡಿ ನಿಂತರೆ ಒಂದೊಂದು ಕಣವೂ ಹೊಳೆಯುತ್ತದೆ. ಬೆನ್ನು ಮಾಡಿ ನಿಂತರೆ ಅದೇ ಕೋಲು ಹೆಚ್ಚುಕಡಿಮೆ ಖಾಲಿ. ಇಷ್ಟು ಸೂಕ್ಷ್ಮ ಕಣಗಳು ತಮ್ಮ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಮುಂದಕ್ಕೇ ಚೆದುರಿಸುವುದು ಇದಕ್ಕೆ ಕಾರಣ. ನಾವು ಧೂಳಿಗೆಂದು ಕೂರಿಸಿದ್ದ ಸಣ್ಣ ಬಿಳಿ ಗೋಲಗಳು ಇದಕ್ಕೆ ತದ್ವಿರುದ್ಧ: ದೀಪ ಕ್ಯಾಮೆರಾದ ಹಿಂದಿದ್ದಾಗ ಬೆಳಗುತ್ತಿದ್ದವು, ಎದುರಿಗಿದ್ದಾಗ ಕಪ್ಪು ಚುಕ್ಕಿಯಾಗುತ್ತಿದ್ದವು. ಗೋಲದ ಬದಲು ಚಪ್ಪಟೆ ಚೂರನ್ನಿಟ್ಟು, ಬೆಳಕು ಹಾಯ್ದುಹೋಗುವ `Translucent BSDF` ಕೊಟ್ಟು, ದೀಪವನ್ನು ಮಂಟಪದ ಹಿಂದಿನ ಎಡಮೂಲೆಗೆ ಸರಿಸಿದ ಮೇಲೆ ಧೂಳು ಧೂಳಾಯಿತು.

ಚಲನೆಯಲ್ಲಿ ಧೂಳು ಬೀಳುವ ವಸ್ತುವೇ ಅಲ್ಲ. ಹತ್ತು ಮೈಕ್ರಾನಿನ ಮಣ್ಣಿನ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಇಳಿಯುತ್ತದೆ. ಕೋಣೆಯ ಗಾಳಿಯ ಅಲುಗಾಟವೇ ಅದಕ್ಕಿಂತ ಜೋರು. ಆದ್ದರಿಂದ ಇದೊಂದಕ್ಕೆ ಗುರುತ್ವವನ್ನು ಪೂರ್ತಿ ಸೊನ್ನೆ ಮಾಡುವುದು ಸರಿಯಾದ ಕ್ರಮ. ಬೆಳಕಿನ ಕೋಲಿನ ಸುತ್ತ ಒಂದು ಪೆಟ್ಟಿಗೆಯನ್ನಿಟ್ಟು, ಅದರ ಒಳಗಿನ ಘನಜಾಗದಿಂದ 1800 ಕಣಗಳು ಒಂದೇ ಸಲಕ್ಕೆ -60ನೇ ಫ್ರೇಮಿನಲ್ಲಿ ಹುಟ್ಟುವಂತೆ, ಕೊನೆಯವರೆಗೂ ಬದುಕುವಂತೆ ಮಾಡಿದೆವು; ನಡುವೆ ಹುಟ್ಟುವ ಸಾಯುವ ಧೂಳು ಮಿಣುಕುತ್ತದೆ. `Brownian` ಎಂಬ ಹೆಸರು ಕೇಳಿ ಧೂಳಿಗೆ ಅದೇ ತಕ್ಕದ್ದೆಂದು ಅನಿಸಬಹುದು. ಅದು ಪ್ರತಿ ಹೆಜ್ಜೆಗೂ ಬೇರೆ ದಿಕ್ಕಿಗೆ ತಳ್ಳುವುದರಿಂದ ಧೂಳು ನೊರಜಿನ ಹಿಂಡಾಗುತ್ತದೆ. ಅದನ್ನು ಬಿಟ್ಟು, ಧೂಳಿಗೇ ಪ್ರತ್ಯೇಕವಾದ ದುರ್ಬಲ `Turbulence` ಒಂದನ್ನು ಕೊಟ್ಟು, `Effector Collection` ಮೂಲಕ ಪಕಳೆಯ ಗಾಳಿ ಧೂಳಿಗೆ ತಾಗದಂತೆ ಬೇರ್ಪಡಿಸಿದೆವು.

ಕಾಗದದ ಚೂರು

ಪೇಪರ್ ಬ್ಲಾಸ್ಟ್‌ನಲ್ಲಿ ತೊಡಕಿದ್ದದ್ದು ಮೊದಲ ಮೂರನೇ ಒಂದು ಸೆಕೆಂಡಿನಲ್ಲಿ ಮಾತ್ರ. ಕಾಗದಕ್ಕೆ ಸರಿಯಾದ 0.28 ಇಟ್ಟು, ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಚಿಮ್ಮಿಸಿದರೆ ಚೂರು ಒಂದೂಕಾಲು ಮೀಟರ್ ಹೋಗುವಷ್ಟರಲ್ಲಿ ನಿಂತುಬಿಡುತ್ತದೆ. ಒಂಟಿ ಚೂರನ್ನು ಕೈಯಿಂದ ಎಷ್ಟೇ ಬೀಸಿ ಎಸೆದರೂ ಹಾಗೆಯೇ ಆಗುತ್ತದೆ, ಆದ್ದರಿಂದ ಲೆಕ್ಕದಲ್ಲಿ ತಪ್ಪಿಲ್ಲ. ನಿಜವಾದ ಕೊಳವೆಯಿಂದ ಚೂರುಗಳು ಮುದ್ದೆಯಾಗಿ, ಹಿಂದಿನಿಂದ ನುಗ್ಗುವ ಗಾಳಿಯ ಜೊತೆಗೇ ಹೊರಬರುತ್ತವೆ. ಬಿಡಿಯಾಗುವವರೆಗೆ ಅವುಗಳಿಗೆ ತಡೆ ತಾಗುವುದಿಲ್ಲ. ಇದನ್ನು ತೋರಿಸಲು `Damp` ಮೌಲ್ಯಕ್ಕೆ ಕೀಫ್ರೇಮು ಹಾಕಿದೆವು: 205ನೇ ಫ್ರೇಮಿನಿಂದ 213ರವರೆಗೆ 0.03, ಅಲ್ಲಿಂದ ಎರಡು ಫ್ರೇಮಿನಲ್ಲಿ 0.28. ಎಲ್ಲ ಚೂರುಗಳೂ 205ರಿಂದ 208ರ ಒಳಗೆ ಹುಟ್ಟಿಬಿಡುವುದರಿಂದ ಮಾತ್ರ ಇದು ನಡೆಯುತ್ತದೆ; ನಿರಂತರವಾಗಿ ಹುಟ್ಟುವ ಪಕಳೆಗೆ ಈ ಉಪಾಯ ಒಗ್ಗದು. ಚೂರುಗಳು ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ ಹಾರಿ, ಅಲ್ಲಿ ಒಮ್ಮೆಗೇ ತಡೆದು, ಹರಡಿಕೊಂಡು ಇಳಿಯತೊಡಗಿದವು. ಅವು ನೆಲ ಮುಟ್ಟುವ ಮುನ್ನವೇ 300ನೇ ಫ್ರೇಮು ಬರುವುದರಿಂದ ನೆಲದ ಗೋಜೂ ತಪ್ಪಿತು. ಚೂರಿನ ಒಂದು ಮುಖ ಚಿನ್ನದ ಬಣ್ಣ, ಹಿಂಬದಿ ಮಾಸಲು ಬಿಳಿ. ಮಟೀರಿಯಲ್‌ನಲ್ಲಿ `Backfacing` ಬಳಸಿ ಎರಡನ್ನೂ ಬೇರೆ ಮಾಡಿದ್ದರಿಂದ ಹೊರಳಿದಾಗಲೆಲ್ಲ ಮಿಂಚಿತು.

ಗೋಡೆಯ ಮೇಲೆ

ಸಮಯ ಉಳಿಸಲೆಂದು ಚಿತ್ರ ತೆಗೆಯುವ ಕೆಲಸವನ್ನು ಎರಡು ಕಂಪ್ಯೂಟರಿಗೆ ಹಂಚಿದೆವು. 151ರಿಂದ ಮುಂದಿನ ಫ್ರೇಮುಗಳನ್ನು ತೆಗೆದ ಎರಡನೆಯ ಯಂತ್ರದ ಚಿತ್ರಗಳಲ್ಲಿ ಮಂಟಪವಿತ್ತು, ಹೂವಿರಲಿಲ್ಲ. ಕಣಗಳ ಲೆಕ್ಕವನ್ನು `Bake` ಮಾಡಿ, ಡಿಸ್ಕಿನಲ್ಲಿ ಉಳಿಸುವ `Disk Cache` ಆಯ್ಕೆ ಹಾಕಿದ್ದೆವು. ಆಗ ಆ ಲೆಕ್ಕವು `mantapa.blend` ಕಡತದೊಳಗಲ್ಲ, ಅದರ ಪಕ್ಕದ `blendcache_mantapa` ಎಂಬ ಫೋಲ್ಡರಿನಲ್ಲಿರುತ್ತದೆ. ಪೆನ್‌ಡ್ರೈವಿನಲ್ಲಿ ಹೋಗಿದ್ದು ಕಡತ ಮಾತ್ರ. ಒಂದು ರಾತ್ರಿಯ ಕೆಲಸ ವ್ಯರ್ಥವಾಯಿತು, ತಪ್ಪು ನನ್ನದೇ.

ಕೊನೆಯ ತಿದ್ದುಪಡಿಯನ್ನು ಮಾಡಿಸಿದ್ದು ಎಲ್‌ಇಡಿ ಗೋಡೆ. ಅರ್ಧ ಮೀಟರಿನ ಎಂಟು ಫಲಕಗಳ ಅಗಲ, ಫಲಕಕ್ಕೆ 128 ಚುಕ್ಕಿ. ನಾಲ್ಕು ಮೀಟರಿನ ಗೋಡೆಗೆ ಒಟ್ಟು 1024 ಚುಕ್ಕಿ ಮಾತ್ರ. ನಮ್ಮ ಕಂಪ್ಯೂಟರಿನ ಪರದೆಯಲ್ಲಿ ನಯವಾಗಿ ತೇಲುತ್ತಿದ್ದ ಧೂಳು ಅಲ್ಲಿ ಒಂದು ಚುಕ್ಕಿಗಿಂತ ಚಿಕ್ಕದಾಗಿ, ಒಂದರಿಂದ ಇನ್ನೊಂದಕ್ಕೆ ಜಿಗಿಯುವಾಗ ಕೆಟ್ಟ ಟ್ಯೂಬ್‌ಲೈಟಿನಂತೆ ಮಿಟುಕಿತು. ಕಣಗಳ ಗಾತ್ರವನ್ನು ಎರಡು ಚುಕ್ಕಿಗಿಂತ ಕಡಿಮೆಯಾಗದಂತೆ ಹಿಗ್ಗಿಸಿ, ಸಂಖ್ಯೆಯನ್ನು 1800ರಿಂದ 600ಕ್ಕೆ ಇಳಿಸಿ, ಹೊಳಪನ್ನು ಅರ್ಧ ಮಾಡಿ ಮತ್ತೆ ತೆಗೆದೆವು. ಮದುವೆಯ ದಿನ ವಿಡಿಯೋದವರು ಮೊಬೈಲಿನಲ್ಲಿ ಹಿಡಿದು ಕಳಿಸಿದ ತುಣುಕನ್ನು ನಾವು ನಿಲ್ಲಿಸಿ, ಅಡ್ಡಗೆರೆ ಹಾಕಿ ಎಣಿಸಿದೆವು. ಮೇಲೆ 148, ಕೆಳಗೆ 139.